ಸಪಾದಕ್ಕೂ ಕಡಾಹ್ ಪ್ರಸಾದಕ್ಕೂ ನಡುವೆ

ಗುರುದ್ವಾರದಲ್ಲಿ ಎಲ್ಲರಿಗೂ ಊಟ ಹಾಕುವ ಲಂಗರ್ ಅಂದರೇನು ಎಂದು ಊರಿನವರು ಕೇಳಿದರೆ, ಪಂಜಾಬು-ದಿಲ್ಲಿ ಕಡೆ ನೆಲೆಸಿದ ನಾವು ಕನ್ನಡಿಗರು ‘ನಮ್ಮ ದಾಸೋಹ ಇದ್ದ ಹಾಗೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹೋಲಿಕೆ ಸುಳ್ಳೇನಲ್ಲ. ಆದರೆ ಒಂದು ಕಡೆ ಅದು ಕೂಡುವುದಿಲ್ಲ. ಎಲ್ಲಿ ಅಂತ ತಿಳಿಯಬೇಕಾದರೆ ಗುರುದ್ವಾರದ ಸಿಹಿ ಪ್ರಸಾದವಾದ ಕಡಾಹ್ ಪ್ರಸಾದ ಕೆದಕುವವರ ಪಕ್ಕದಲ್ಲಿ ನಿಲ್ಲಬೇಕು.

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೊತ್ತಿದ್ದವರಿಗೆ ಇದು ಹೊಸದಲ್ಲ. ಅಲ್ಲಿ ರವೆ, ಇಲ್ಲಿ ಗೋಧಿ ಹಿಟ್ಟು. ಅಲ್ಲಿ ಒಂದೂಕಾಲು ಪಾಲಿನ ಲೆಕ್ಕ, ಇಲ್ಲಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮ. ಒಂದು ಕಿಲೋ ಹಿಟ್ಟಿಗೆ ಒಂದು ಕಿಲೋ ತುಪ್ಪ, ಒಂದು ಕಿಲೋ ಸಕ್ಕರೆ, ಸುಮಾರು ಮೂರು ಲೀಟರ್ ನೀರು. ನೀರಿನಲ್ಲಿ ಸಕ್ಕರೆ ಕರಗಿಸಿ ಪಕ್ಕದ ಒಲೆಯಲ್ಲಿ ಕುದಿಯಲು ಬಿಡುತ್ತಾರೆ, ಎಳೆಪಾಕ ಬರಬೇಕಾಗಿಲ್ಲ. ಕಬ್ಬಿಣದ ಕಡಾಯಿಯಲ್ಲಿ ತುಪ್ಪ ಕಾಯಿಸಿ, ಸ್ವಲ್ಪ ತರಿಯಾಗಿ ಬೀಸಿದ ಹಿಟ್ಟು ಸುರಿದು, ಉದ್ದ ಹಿಡಿಯ ಖುರ್ಪಾದಿಂದ ಕೆದಕಲು ಶುರು. ಮೊದಲು ಒದ್ದೆ ಮರಳಿನಂತೆ ಭಾರವಾಗಿರುತ್ತದೆ. ಹುರಿಯುತ್ತಾ ಹೋದ ಹಾಗೆ ಸಡಿಲವಾಗಿ, ತುಪ್ಪ ಬಿಟ್ಟುಕೊಂಡು, ಬಾದಾಮಿ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತದೆ. ಆಗ ಉರಿ ತಗ್ಗಿಸಿ ಕುದಿಯುವ ಸಕ್ಕರೆ ನೀರನ್ನು ಬಿಡಬೇಕು. ಅದು ಭುಸ್ಸೆಂದು ಉಕ್ಕಿ ಸಿಡಿಯುತ್ತದೆ, ಹತ್ತಿರ ಬಗ್ಗಿದವರ ಕೈ ಸುಡುವುದು ಇಲ್ಲೇ. ಬದಿ ಬಿಟ್ಟು, ಅಂಚಿನಲ್ಲಿ ತುಪ್ಪ ಮಿನುಗಿದರೆ ಆಯಿತು.

ಕೆಡುವುದು ಅವಸರದಿಂದ. ಹಸಿಯಾಗಿ ಉಳಿದ ಹಿಟ್ಟು ಅಂಗುಳಿಗೆ ಅಂಟುತ್ತದೆ, ಸೀದರೆ ಕಹಿ, ನೀರು ತಣ್ಣಗಿದ್ದರೆ ಗಂಟು.

ಕೆದಕುವವರ ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಗುರುಗಳ ಪದಗಳಾದ ಗುರುಬಾಣಿ ಹೇಳಿಕೊಂಡೇ ಪ್ರಸಾದ ಮಾಡಬೇಕೆಂದು ಸಿಖ್ಖರ ನಡವಳಿಕೆಯ ಕಟ್ಟಳೆಯಾದ ಸಿಖ್ ರೆಹತ್ ಮರ್ಯಾದೆಯಲ್ಲಿ ನಿಯಮವೇ ಇದೆ. ಕೆಲವರು ಜಪ್‌ಜಿ ಹೇಳಿದರೆ ಕೆಲವರು ‘ವಾಹೆಗುರು’ ಎಂಬ ಒಂದೇ ಪದವನ್ನು ಖುರ್ಪಾ ತಿರುವಿದಷ್ಟು ಸಲ ಹೇಳುತ್ತಾರೆ. ನಾಮಸ್ಮರಣೆ ಅಂದರೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುವುದು ಎಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಕಣ್ಣು ಮುಚ್ಚಿದರೆ ಹಿಟ್ಟು ತಳ ಹಿಡಿಯುತ್ತದೆ.

ಇದಕ್ಕೆ ಗುರು ಗ್ರಂಥ ಸಾಹಿಬ್‌ನಲ್ಲಿ ಸಿಗುವ ಆಧಾರ ನಮಗೆ ತೀರಾ ಹತ್ತಿರದ್ದು, ಪಂಢರಪುರದ ನಾಮದೇವ. ಅವರ 61 ಪದಗಳು ಗ್ರಂಥದಲ್ಲಿವೆ. ಬಟ್ಟೆಗೆ ಅಚ್ಚು ಹಾಕುತ್ತಾ ಕೂತಿದ್ದೀಯಲ್ಲ, ರಾಮನಲ್ಲಿ ಮನಸ್ಸಿಡಬಾರದೇ ಎಂದು ತ್ರಿಲೋಚನ ಕೇಳಿದ್ದನ್ನೂ ನಾಮದೇವ ಉತ್ತರಿಸಿದ್ದನ್ನೂ ಕಬೀರರ ಸಲೋಕಗಳು ಹೇಳುತ್ತವೆ: ಬಾಯಲ್ಲಿ ರಾಮ, ಕೈಕಾಲಿಗೆ ಕೆಲಸ, ಚಿತ್ತ ನಿರಂಜನನಲ್ಲಿ. ನಾಮದೇವರದೇ ಇನ್ನೊಂದು ಪದದಲ್ಲಿ ಹುಡುಗನೊಬ್ಬ ಗೆಳೆಯರ ಜೊತೆ ಹರಟುತ್ತಲೇ ಗಾಳಿಪಟ ಹಾರಿಸುತ್ತಾನೆ, ಮನಸ್ಸು ದಾರದ ಮೇಲೆ. ಮೇಯಲು ಹೋದ ಹಸುವಿನ ಮನಸ್ಸು ಕರುವಿನ ಮೇಲೆ.

ಈಗ ಆಯ್ದಕ್ಕಿ ಮಾರಯ್ಯನನ್ನು ತಂದು ಪಕ್ಕಕ್ಕೆ ನಿಲ್ಲಿಸಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾನೆ ಅವನು. ಕಾಯಕವೇ ಕೈಲಾಸವಾದ ಮೇಲೆ ಬೇರೆ ನೆನಪೇಕೆ? ನಾಮದೇವ ಕೆಲಸದ ಒಳಗೆ ಹೆಸರನ್ನು ಉಳಿಸಿಕೊಳ್ಳುತ್ತಾನೆ, ಮಾರಯ್ಯ ಕೆಲಸದಲ್ಲಿ ಅದನ್ನೂ ಕರಗಿಸುತ್ತಾನೆ. ದಾಸೋಹ-ಲಂಗರ್ ಹೋಲಿಕೆ ಕೂಡದಿರುವುದು ಇಲ್ಲಿ. ಕೆದಕುವ ಕೆಲಸದ ಮಟ್ಟಿಗೆ ನನ್ನ ಒಲವು ನಾಮದೇವನ ಕಡೆ. ತಾಸುಗಟ್ಟಲೆ ಒಂದೇ ಕೆಲಸ ಮಾಡುವಾಗ ಮನಸ್ಸು ‘ಇಷ್ಟೊಂದು ಮಾಡಿದೆನಲ್ಲ’ ಎಂಬ ಲೆಕ್ಕಕ್ಕೆ ಇಳಿಯುತ್ತದೆ. ಸಿಖ್ಖರು ಅದನ್ನು ಹೌಮೈ ಅನ್ನುತ್ತಾರೆ, ನಾನು-ನಾನು ಎನ್ನುವ ರೋಗ. ಬಾಯಲ್ಲಿ ಹೆಸರಿದ್ದರೆ ಆ ಲೆಕ್ಕಕ್ಕೆ ಜಾಗ ಕಡಿಮೆ.

ಹಂಚುವಾಗಲಂತೂ ಆ ರೋಗ ಕಣ್ಣಿಗೇ ಕಾಣುತ್ತದೆ. ಅರ್ದಾಸ್ ಎಂಬ ಪ್ರಾರ್ಥನೆ ಆದ ಮೇಲೆ ಕಿರ್ಪಾಣ್ ಕತ್ತಿ ಮುಟ್ಟಿಸಿ, ಗುರುವಿಗೆ ಪ್ರಿಯರಾದ ಐವರು, ಅಂದರೆ ಪಂಜ್ ಪ್ಯಾರೆಯರ ಐದು ಪಾಲು ಮೊದಲು ತೆಗೆದು, ಉಳಿದದ್ದನ್ನು ಕೂತವರಿಗೆಲ್ಲ ಭೇದವಿಲ್ಲದೆ ಕೊಡಬೇಕು. ಪರಿಚಯದ ಮುಖ ಕಂಡಾಗ ಉಂಡೆ ದೊಡ್ಡದಾದರೆ ಕೆಟ್ಟಿತು. ಲಂಗರಿನಲ್ಲೂ ಹಾಗೆಯೇ. ಉದ್ದದ ಚಾಪೆಯ ಮೇಲೆ ಎಲ್ಲರೂ ಒಂದೇ ಸಾಲು, ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ಆ ಸಾಲಿಗೆ ಅವರು ಹೇಳುವ ‘ಪಂಗತ್’ ನಮ್ಮ ಪಂಕ್ತಿಯೇ. ಪಂಕ್ತಿಭೇದ ಎಂಬ ಮಾತು ಚೆನ್ನಾಗಿ ಗೊತ್ತಿರುವ ನಾವು ಇದನ್ನು ಕೇಳಿಸಿಕೊಂಡು ಸುಮ್ಮನಿರುವುದು ಕಷ್ಟ.

ಅಂದಮಾತ್ರಕ್ಕೆ ಕಲಿಯುವುದೆಲ್ಲ ನಾವೇ ಅಂತಲೂ ಅಲ್ಲ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಸೆ ಅರಸರಿಗಿರಲಿ ಎಂದು ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಹಬ್ಬದ ದಿನ ಬೀದಿಬೀದಿಯಲ್ಲಿ ಪೈಪೋಟಿಯ ಮೇಲೆ ಲಂಗರ್ ಹಾಕಿ, ಅರ್ಧ ತಿಂದ ತಟ್ಟೆಗಳ ರಾಶಿ ಬಿಟ್ಟು ಹೋಗುವಲ್ಲಿ ಲಕ್ಕಮ್ಮನಂಥವರು ಒಬ್ಬರು ಬೇಕಾಗಿತ್ತು. ಅವಳು ಬಾಳಿದ ಕಲ್ಯಾಣ ಇರುವುದೂ, ಗುರುನಾನಕ್ ಝೀರಾ ಗುರುದ್ವಾರ ಇರುವುದೂ ಒಂದೇ ಬೀದರ್ ಜಿಲ್ಲೆಯಲ್ಲಿ. 1699ರಲ್ಲಿ ಆನಂದಪುರದಲ್ಲಿ ಗುರುವಿನ ಕರೆಗೆ ಎದ್ದುನಿಂತ ಪಂಜ್ ಪ್ಯಾರೆಯರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಕೂಡ ಬೀದರಿನವರೇ. ಊರಿಗೆ ಹೋದಾಗ ಝೀರಾದಲ್ಲಿ ಊಟ ಮಾಡಿ, ತಟ್ಟೆ ತೊಳೆಯುವ ಕಡೆ ಹೋಗಿ ನಿಂತರೆ ಸಾಕು, ಕೆಲಸ ಸಿಗುತ್ತದೆ. ಹೆಸರು, ಜಾತಿ ಯಾರೂ ಕೇಳುವುದಿಲ್ಲ, ತಲೆಗೊಂದು ಬಟ್ಟೆ ಇರಲಿ.