ಸ್ಪಷ್ಟನೆ: ಮೀಸಲಾತಿ ಬರೀ ವಿನಾಯಿತಿಯೇ?

"ಸಂವಿಧಾನ ಕೊಟ್ಟಿರೋದು ಅವಕಾಶದ ಸಮಾನತೆ ಮಾತ್ರ. ಮೀಸಲಾತಿ ಅಂದ್ರೆ ಫಲಿತಾಂಶದ ಸಮಾನತೆ, ಅದೊಂದು ವಿನಾಯಿತಿ ಅಷ್ಟೇ."

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. 1962ರಲ್ಲಿ ನಮ್ಮದೇ ಮೈಸೂರು ರಾಜ್ಯದ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಮೀಸಲಾತಿಯನ್ನು ವಿನಾಯಿತಿ ಎಂದೇ ನೋಡಿತ್ತು. 1975ರಲ್ಲಿ ಆ ನೋಟ ಬದಲಾಯಿತು.

ಆಗ ಕೋರ್ಟಿನ ಮುಂದಿದ್ದದ್ದು ಕೇರಳದ ಗುಮಾಸ್ತರ ಬಡ್ತಿ. ಕೆಳದರ್ಜೆ ಗುಮಾಸ್ತರು ಮೇಲೇರಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಪಾಸಾಗುವ ಮೊದಲೇ ಬಡ್ತಿ ಕೊಟ್ಟು, ಪಾಸಾಗಲು ಹೆಚ್ಚಿನ ಕಾಲಾವಕಾಶ ಕೊಟ್ಟಿತು. 1972ರಲ್ಲಿ 51 ಹುದ್ದೆಗಳ ಪೈಕಿ 34 ಪರಿಶಿಷ್ಟ ಜಾತಿಯವರಿಗೆ ಹೋದವು. ಪರೀಕ್ಷೆ ಪಾಸಾಗಿದ್ದೂ ಬಡ್ತಿ ಸಿಗದ ಎನ್‌.ಎಂ. ಥಾಮಸ್ ಕೋರ್ಟಿಗೆ ಹೋದರು. ಅವರ ಸಿಟ್ಟು ಅರ್ಥವಾಗುತ್ತದೆ, ಅಲ್ವಾ?

ಹೈಕೋರ್ಟಿನಲ್ಲಿ ಗೆದ್ದ ಅವರು ಸುಪ್ರೀಂ ಕೋರ್ಟಿನಲ್ಲಿ ಸೋತರು. ಏಳರಲ್ಲಿ ಐವರು ನ್ಯಾಯಮೂರ್ತಿಗಳು ನಿಯಮವನ್ನು ಎತ್ತಿಹಿಡಿದರು. ಹೊರಟ ಜಾಗವೇ ಬೇರೆಯಾಗಿರುವವರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಅವಕಾಶ ಸಮಾನವಾಗುವುದಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ವಾದದ ತಿರುಳು. ಅಂದರೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡುವ ಸಂವಿಧಾನದ 16(4)ನೇ ವಿಧಿ, ಅಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುವ 16(1)ಕ್ಕೆ ವಿನಾಯಿತಿಯಲ್ಲ, ಅದರದ್ದೇ ಒಂದು ಮುಖ. 1992ರ ಮಂಡಲ್ ತೀರ್ಪು ಇದನ್ನು ಒಪ್ಪಿತು.

ಗಮನಿಸಿ, ಪರೀಕ್ಷೆ ರದ್ದಾಗಿರಲಿಲ್ಲ. ಸಿಕ್ಕಿದ್ದು ಸಮಯ. ಆದರೂ 51ರಲ್ಲಿ 34 ಎಂಬ ಲೆಕ್ಕ ಫಲಿತಾಂಶದಂತೆಯೇ ಕಾಣುತ್ತದೆ ಅನ್ನುವವರನ್ನು ನಾನು ತಳ್ಳಿಹಾಕಲಾರೆ. ಭಿನ್ನಮತದ ಇಬ್ಬರಲ್ಲಿ, ತುರ್ತುಪರಿಸ್ಥಿತಿಯಲ್ಲಿ ನಾಗರಿಕರ ಹಕ್ಕಿನ ಪರ ಒಂಟಿಯಾಗಿ ತೀರ್ಪು ಬರೆದ ನ್ಯಾಯಮೂರ್ತಿ ಎಚ್‌.ಆರ್. ಖನ್ನಾ ಕೂಡ ಇದ್ದರು.