34 ಡಿಗ್ರಿಯ ಕೋಣೆಗೆ ಚಳಿ ದೇಶದ ಫ್ಯಾನ್ ಕರ್ವ್ ಯಾಕೆ?

ಕಾಸರಗೋಡಿನ ಏಪ್ರಿಲ್ ಸೆಕೆ ಗೊತ್ತಲ್ಲ. ತಾರಸಿಯ ಅಡಿಯ ಕೋಣೆಯಲ್ಲಿ ರಾತ್ರಿ ಊಟ ಮುಗಿದ ಮೇಲೂ 34 ಡಿಗ್ರಿ ಇರುತ್ತದೆ. ಅಂಥ ಕೋಣೆಯಲ್ಲಿ ಗೇಮಿಂಗ್ ಪಿಸಿ ಇಟ್ಟವರು ನನ್ನಲ್ಲಿ ಕೇಳುವುದು ಒಂದೇ: "ಸದ್ದು ತಡೆಯಲಿಕ್ಕಾಗುವುದಿಲ್ಲ, ಇನ್ನೆರಡು ಫ್ಯಾನ್ ಹಾಕಲಾ?" ಬೇಡ ಮಾರಾಯ್ರೆ. ಮೊದಲು ಬಯೋಸ್ ತೆರೆಯಿರಿ, ಫ್ಯಾನಿನ ವೇಗ ಹೊಂದಿಸುವುದು ಅಲ್ಲಿ.

ಬದಿಯಡ್ಕದಲ್ಲಿರುವ ಅಣ್ಣನ ಮಗನ ಪಿಸಿಯನ್ನೇ ನೋಡುವ. ರೈಜನ್ 5 5600 ಸಿಪಿಯು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಮುಂದೆ ಜಾಲರಿ ಇರುವ ಕೇಸ್. ಗಾಳಿ ಎಳೆಯಲು ಮುಂದೆ ಎರಡು ಫ್ಯಾನ್, ಹೊರಹಾಕಲು ಹಿಂದೆ ಒಂದು. ವಸ್ತುಗಳಲ್ಲಿ ಏನೂ ಕೊರತೆ ಇಲ್ಲ. ಆದರೆ ಆಟವೇ ಇಲ್ಲದೆ ಬ್ರೌಸರ್ ತೆರೆದರೂ ಫ್ಯಾನ್ ಭುಸ್ಸೆಂದು ಏಳುತ್ತದೆ, ಎರಡು ಕ್ಷಣಕ್ಕೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಈ ಏರಿಳಿತಕ್ಕೆ ಒಗ್ಗುವುದಿಲ್ಲ.

ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬ ಕರ್ವನ್ನು ಅವನು ಯಾವುದೋ ವಿಡಿಯೋ ನೋಡಿ ಹಾಕಿದ್ದ: 50 ಡಿಗ್ರಿವರೆಗೆ ನಿಧಾನ, ಅಲ್ಲಿಂದ ಕಡಿದಾದ ಏರು. 22 ಡಿಗ್ರಿಯ ಕೋಣೆಯಲ್ಲಿ ಅದು ಸರಿಯೇ, ಅಲ್ಲಿ ಸುಮ್ಮನಿರುವ ಸಿಪಿಯು 36ರ ಆಸುಪಾಸಿನಲ್ಲಿರುತ್ತದೆ. ಸಿಪಿಯುವಿನ ಬಿಸಿ ಅಂದರೆ ಕೋಣೆಯ ಬಿಸಿಯ ಮೇಲೆ ಅದು ಸೇರಿಸಿಕೊಂಡ ಬಿಸಿ. ಅದೇ ಯಂತ್ರ ನಮ್ಮಲ್ಲಿ ಸುಮ್ಮನಿರುವಾಗಲೇ 48. ರೈಜನ್ ಒಂದು ಸಣ್ಣ ಕೆಲಸ ಸಿಕ್ಕಿದರೂ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿಯುವ ಜಾತಿಯದ್ದು. ಏರು ಶುರುವಾಗುವ ಜಾಗದಲ್ಲೇ ಅದು ದಿನವಿಡೀ ಕುಣಿಯುತ್ತಾ ಇತ್ತು.

ಸಿಪಿಯು ಫ್ಯಾನಿನ ಕರ್ವನ್ನು 65 ಡಿಗ್ರಿವರೆಗೆ ಚಪ್ಪಟೆ ಮಾಡಿದೆವು, ಅಲ್ಲಿಂದ 82ಕ್ಕೆ ಪೂರ್ಣ ವೇಗ. ಈ ಚಿಪ್ಪಿನ ಮಿತಿ 90 ಡಿಗ್ರಿ, ಆದ್ದರಿಂದ 75 ಕಂಡರೆ ಗಾಬರಿ ಬೇಡ. ಜೊತೆಗೆ ವೇಗ ಏರಲು ಕೆಲವು ಸೆಕೆಂಡ್ ಕಾಯುವ ಸೆಟ್ಟಿಂಗ್ ಉಂಟು, ಕೆಲವು ಬೋರ್ಡುಗಳಲ್ಲಿ `Step Up` ಎಂದು ಕಾಣುತ್ತದೆ. ಅದನ್ನು ಹೆಚ್ಚಿಸಿದರೆ ಸಣ್ಣ ಜಿಗಿತಗಳಿಗೆ ಫ್ಯಾನ್ ತಲೆಯೇ ಎತ್ತುವುದಿಲ್ಲ.

ಕೇಸ್ ಫ್ಯಾನ್‌ಗಳ ಕಥೆ ಬೇರೆ. ಸಾಮಾನ್ಯವಾಗಿ ಬಯೋಸ್ ಅವನ್ನೂ ಸಿಪಿಯು ಬಿಸಿಗೇ ಕಟ್ಟಿಹಾಕಿರುತ್ತದೆ. ಆಟ ಆಡುವಾಗ ಕೇಸನ್ನು ಕಾಯಿಸುವುದು 170 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್, ಅದರ ಬಿಸಿ ಹೆಚ್ಚಿನ ಬಯೋಸ್‌ಗಳಿಗೆ ಕಾಣುವುದೇ ಇಲ್ಲ. ಬೋರ್ಡಿನಲ್ಲಿ `T_SENSOR` ಎಂಬ ಎರಡು ಪಿನ್ ಇದ್ದರೆ ಅದಕ್ಕೆ ಹೊಂದುವ, ಬಿಸಿ ಅಳೆಯುವ ಚಿಕ್ಕ ಥರ್ಮಿಸ್ಟರ್ ವೈರ್ ಹಾಕಿ, ಅದರ ತುದಿ ಕಾರ್ಡಿನ ಮೇಲ್ಭಾಗದ ಗಾಳಿಯಲ್ಲಿ, ಯಾವುದಕ್ಕೂ ತಾಗದಂತೆ ನಿಲ್ಲಲಿ. ಆ ಪಿನ್ ಇಲ್ಲದಿದ್ದರೆ ಮದರ್‌ಬೋರ್ಡ್ ಸೆನ್ಸರ್ ಆರಿಸಿ, ಅದೂ ನಿಧಾನಕ್ಕೇ ಏರಿಳಿಯುತ್ತದೆ. ನಾವು ಹಾಕಿದ್ದು 41 ಡಿಗ್ರಿವರೆಗೆ 35 ಶೇಕಡಾ ವೇಗ, 48ಕ್ಕೆ 50, 55ಕ್ಕೆ 75. ಮೊದಲ ಬಿಂದು ನಿಮ್ಮ ಕೋಣೆಯ ಅತಿ ಹೆಚ್ಚಿನ ಬಿಸಿಗಿಂತ ಐದಾರು ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಮತ್ತೆ ಹಳೇ ಕುಣಿತವೇ.

ಹೆಚ್ಚು ಗಾಳಿ ಯಾಕೆ ಬೇಡ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಆಟದ ಹೊತ್ತಿಗೆ ಕೇಸಿನೊಳಗೆ ಸುಮಾರು 250 ವ್ಯಾಟ್ ಬಿಸಿ. ನಿಮಿಷಕ್ಕೆ 40 ಘನ ಅಡಿ ಗಾಳಿ ಹಾದುಹೋದರೆ ಅದು ಸುಮಾರು 11 ಡಿಗ್ರಿ ಕಾದು, 45 ಆಗಿ ಹೊರಬರುತ್ತದೆ. ಫ್ಯಾನ್ ವೇಗ ಇಮ್ಮಡಿ ಮಾಡಿ 80 ಘನ ಅಡಿ ತಳ್ಳಿದರೆ ಸಿಗುವ ಲಾಭ ಐದೂವರೆ ಡಿಗ್ರಿ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಏರುತ್ತದೆ, ಕಿವಿಗೆ ಹೆಚ್ಚುಕಡಿಮೆ ಮೂರು ಪಟ್ಟು. ಇನ್ನು ಎಷ್ಟೇ ತಳ್ಳಿದರೂ 34ಕ್ಕಿಂತ ಕೆಳಗೆ ಇಳಿಯಲು ದಾರಿಯಿಲ್ಲ, ಒಳಗೆ ಹೋಗುವುದೇ ಆ ಗಾಳಿ.

ಅದಕ್ಕಿಂತ ಕಾರ್ಡಿನ ಪವರ್ ಮಿತಿಯನ್ನು 80 ಶೇಕಡಾಕ್ಕೆ ಇಳಿಸುವುದು ಜಾಣತನ. ಇದು ಬಯೋಸ್‌ನಲ್ಲಿ ಅಲ್ಲ, ವಿಂಡೋಸ್‌ನಲ್ಲಿ ಆಗುವ ಕೆಲಸ. ಮೂವತ್ತಕ್ಕೂ ಹೆಚ್ಚು ವ್ಯಾಟ್ ಬಿಸಿ ಹುಟ್ಟುವುದೇ ಇಲ್ಲ, ಆಟದಲ್ಲಿ ಕಳಕೊಳ್ಳುವ ಫ್ರೇಮ್ ಸ್ವಲ್ಪವೇ. "ದುಡ್ಡು ಕೊಟ್ಟ ಕಾರ್ಡ್, ಪೂರ್ತಿ ಓಡಬೇಡವಾ ಚಿಕ್ಕಪ್ಪ?" ಅಂದ ಹುಡುಗ. ಮಳೆಗಾಲದಲ್ಲಿ ಓಡಿಸು ಮಾರಾಯ ಅಂದೆ.

ಫ್ಯಾನ್ ಖರೀದಿಸಲೇಬೇಕು ಅನ್ನುವವರು ಮೊದಲು ಒಂದು ಪರೀಕ್ಷೆ ಮಾಡಿ. ಅರ್ಧ ಗಂಟೆ ಆಟ ಆಡಿ, ಕಾರ್ಡಿನ ಬಿಸಿ ಒಂದು ಅಂಕಿಯಲ್ಲಿ ನಿಂತ ಮೇಲೆ ಕೇಸಿನ ಬದಿಯ ಹಲಗೆ ತೆಗೆದು ಮತ್ತೆ ಆಡಿ. ಬಿಸಿ ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಕೇಸಿನ ಗಾಳಿ ಸಾಕಷ್ಟಿದೆ. ಎಂಟು ಹತ್ತು ಇಳಿದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ: ಮುಂದೆ ಗಾಜಿನ ಹಲಗೆ ಇರಬಹುದು, ಅಥವಾ ಪಿಸಿಯನ್ನು ಮೇಜಿನ ಖಾನೆಯೊಳಗೆ ತುರುಕಿದ್ದರಿಂದ ತಾನು ಹೊರಬಿಟ್ಟ ಬಿಸಿಯನ್ನೇ ಅದು ತಿರುಗಿ ಎಳೆಯುತ್ತಿರಬಹುದು. ನಮ್ಮ ಕಡೆ ಈ ಎರಡನೆಯದೇ ಜಾಸ್ತಿ.

ಒಳಗೆ ಎಳೆಯುವ ಫ್ಯಾನ್ ಹೊರಹಾಕುವುದಕ್ಕಿಂತ ಹೆಚ್ಚಿರಲಿ, ಆಗ ಗಾಳಿ ಸಂದಿಗಳಿಂದ ನುಗ್ಗದೆ ಫಿಲ್ಟರಿನ ಮೂಲಕವೇ ಬರುತ್ತದೆ. ಮುರಕಲ್ಲಿನ ಕೆಂಪು ಧೂಳು ಆ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಅದೇ ಆಟ, ಅದೇ ಕೋಣೆಯ ಬಿಸಿ ಇದ್ದೂ ಥರ್ಮಿಸ್ಟರ್ ಮೊದಲಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸಿದರೆ ಕರ್ವ್ ಮುಟ್ಟಬೇಡಿ, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ.