36 ಪ್ರಶ್ನೆಗಳು ತಂದುಕೊಡುವ ಆಪ್ತತೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು

ಗಂಡು-ಹೆಣ್ಣು ನೋಡುವ ಶಾಸ್ತ್ರ ಬೆಂಗಳೂರಿನಲ್ಲಿ ಮನೆಯ ಹಾಲಿನಿಂದ ಜಯನಗರ, ಇಂದಿರಾನಗರದ ಕೆಫೆಗಳಿಗೆ ಸ್ಥಳಾಂತರಗೊಂಡ ಮೇಲೆ, ಹಿರಿಯರಿಲ್ಲದ ಆ ಒಂದು ಗಂಟೆಯಲ್ಲಿ ಏನು ಮಾತನಾಡಬೇಕು ಎಂಬ ಚಿಂತೆ ಹುಡುಗ ಹುಡುಗಿಯರಿಗೇ ಬಂದಿದೆ. ಆ ಚಿಂತೆಗೆ ಸಿದ್ಧ ಉತ್ತರವೆಂಬಂತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವುದು 36 ಪ್ರಶ್ನೆಗಳ ಪಟ್ಟಿ. "ಯಾರ ಜೊತೆಗಾದರೂ ಪ್ರೀತಿ ಹುಟ್ಟಿಸುವ ಪ್ರಶ್ನೆಗಳು, ವಿಜ್ಞಾನಿಗಳೇ ಸಾಬೀತುಪಡಿಸಿದ್ದಾರೆ" ಎಂಬ ಒಕ್ಕಣೆ ಅದರ ತಲೆಯ ಮೇಲಿರುತ್ತದೆ. ಹಲವು ವರ್ಷ ಮನಃಶಾಸ್ತ್ರ ಪಾಠ ಮಾಡಿದವಳಾಗಿ ನನಗೆ ಈ ಒಕ್ಕಣೆಯ ಬಗ್ಗೆ ತಕರಾರಿದೆ. ಮೂಲ ಅಧ್ಯಯನ ಸುಳ್ಳಲ್ಲ. ಆದರೆ ಅದು ಕಂಡುಕೊಂಡದ್ದು ಬೇರೆ, ಜನ ಅದರಿಂದ ತೆಗೆದುಕೊಳ್ಳುತ್ತಿರುವ ಅರ್ಥ ಬೇರೆ.

ಅಮೆರಿಕದ ಮನಃಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ಸಹೋದ್ಯೋಗಿಗಳು ಈ ಅಧ್ಯಯನವನ್ನು 1997ರಲ್ಲಿ ಪ್ರಕಟಿಸಿದರು. ಪ್ರೀತಿ ಹುಟ್ಟಿಸುವುದು ಅವರ ಉದ್ದೇಶವಾಗಿರಲಿಲ್ಲ. ಆಪ್ತತೆಯನ್ನು ಪ್ರಯೋಗಕ್ಕೆ ಒಳಪಡಿಸಬೇಕಾದರೆ ಮೊದಲು ಅದನ್ನು ಬೇಕೆಂದಾಗ ಉಂಟುಮಾಡಲು ಬರಬೇಕು. ಈಗಾಗಲೇ ಗೆಳೆಯರಾಗಿರುವವರನ್ನು ಕರೆತಂದರೆ, ಅವರ ಗೆಳೆತನಕ್ಕೆ ಯಾವುದು ಕಾರಣ ಎಂಬುದನ್ನು ಬಿಡಿಸಿ ನೋಡಲಾಗುವುದಿಲ್ಲ. ಅದಕ್ಕಾಗಿ ಪರಸ್ಪರ ಗುರುತಿಲ್ಲದ ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸಿ, ಪ್ರಶ್ನೆಗಳಿರುವ ಚೀಟಿಗಳನ್ನು 12ರಂತೆ ಮೂರು ಕಂತುಗಳಲ್ಲಿ ಕೊಟ್ಟರು. ಪ್ರತಿ ಕಂತಿಗೆ 15 ನಿಮಿಷ, ಒಟ್ಟು 45 ನಿಮಿಷ. ಒಬ್ಬರು ಚೀಟಿ ಓದಬೇಕು, ಇಬ್ಬರೂ ಉತ್ತರಿಸಬೇಕು, ಮುಂದಿನ ಚೀಟಿಯನ್ನು ಇನ್ನೊಬ್ಬರು ಓದಬೇಕು.

ಪ್ರಶ್ನೆಗಳ ಏರಿಕೆಯನ್ನು ಗಮನಿಸಿದರೆ ಈ ಕೆಲಸದ ಜಾಣ್ಮೆ ತಿಳಿಯುತ್ತದೆ. ಜಗತ್ತಿನ ಯಾರನ್ನಾದರೂ ಊಟಕ್ಕೆ ಕರೆಯಬಹುದಾದರೆ ಯಾರನ್ನು ಕರೆಯುತ್ತೀರಿ ಎಂಬಲ್ಲಿ ಪಟ್ಟಿ ಆರಂಭವಾಗುತ್ತದೆ. ಎರಡನೆಯ ಕಂತಿನಲ್ಲಿ ಅತ್ಯಂತ ಕಹಿಯಾದ ನೆನಪು ಯಾವುದು, ತಾಯಿಯೊಂದಿಗಿನ ಸಂಬಂಧ ಹೇಗಿದೆ ಎನ್ನುವಷ್ಟು ಹತ್ತಿರ ಬರುತ್ತದೆ. ಮೂರನೆಯದರಲ್ಲಿ ಇನ್ನೊಬ್ಬರ ಎದುರು ಕೊನೆಯ ಬಾರಿ ಅತ್ತದ್ದು ಯಾವಾಗ ಎಂದು ಕೇಳುತ್ತದೆ. ಕಡೆಯ ಚೀಟಿಯಲ್ಲಿ ನಿಮ್ಮದೊಂದು ಸ್ವಂತ ಸಮಸ್ಯೆಯನ್ನು ಹೇಳಿಕೊಂಡು ಎದುರಿನವರ ಸಲಹೆ ಪಡೆಯಬೇಕು. ಇವುಗಳ ನಡುವೆ, ಎದುರಿನವರಲ್ಲಿ ನಿಮಗೆ ಇಷ್ಟವಾದ ಗುಣಗಳನ್ನು ಹೇಳಿ, "ನಾವಿಬ್ಬರೂ" ಎಂದು ಆರಂಭವಾಗುವ ಮೂರು ನಿಜವಾದ ವಾಕ್ಯಗಳನ್ನು ಹೇಳಿ ಎಂಬಂಥ ಚೀಟಿಗಳೂ ಇವೆ. ಅಂದರೆ ಮನಸ್ಸು ಬಿಚ್ಚಿಸುವುದರ ಜೊತೆಗೆ ಹೊಗಳಿಕೆಯನ್ನೂ "ನಾವು" ಎಂಬ ಭಾವವನ್ನೂ ಈ ಪಟ್ಟಿಯೇ ಹೊಲಿದು ಕೊಡುತ್ತದೆ. ಹೋಲಿಕೆಗಾಗಿ ಇನ್ನು ಕೆಲವು ಜೋಡಿಗಳಿಗೆ ಅಷ್ಟೇ ಸಮಯ ಲೋಕಾಭಿರಾಮದ ಪ್ರಶ್ನೆಗಳನ್ನು ಕೊಟ್ಟಿದ್ದರು. ಕೊನೆಯಲ್ಲಿ ಎಲ್ಲರಿಂದಲೂ ಆಪ್ತತೆಯ ಅಂಕ ಪಡೆದರು. ಒಂದರ ಮೇಲೊಂದು ಬೇರೆ ಬೇರೆ ಪ್ರಮಾಣದಲ್ಲಿ ಹಾಯುವ ಎರಡು ವೃತ್ತಗಳ ಏಳು ಚಿತ್ರಗಳಲ್ಲಿ ನಿಮ್ಮಿಬ್ಬರನ್ನು ತೋರಿಸುವ ಚಿತ್ರವನ್ನು ಆರಿಸಿ ಎಂಬುದು ಆ ಅಳತೆಗಳಲ್ಲೊಂದು. ಏಳಕ್ಕೆ ಮೊದಲ ಗುಂಪಿನ ಸರಾಸರಿ 4ರ ಆಸುಪಾಸು, ಲೋಕಾಭಿರಾಮದ ಗುಂಪಿನದು 3ಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ಸ್ಪಷ್ಟವಾಗಿದೆ, ಆದರೆ ಆಕಾಶ ಭೂಮಿಯಷ್ಟಿಲ್ಲ.

ಯಾರೂ ಹಂಚಿಕೊಳ್ಳದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಫಲಿತಾಂಶ ಅದೇ ಲೇಖನದಲ್ಲಿದೆ. ಮುಖ್ಯ ವಿಷಯಗಳಲ್ಲಿ ಅಭಿಪ್ರಾಯಭೇದವಿಲ್ಲದಂತೆ ನೋಡಿ ಕೂಡಿಸಿದ ಜೋಡಿಗಳನ್ನೂ, ಹಾಗೆ ನೋಡದೆ ಕೂಡಿಸಿದ ಜೋಡಿಗಳನ್ನೂ ಸಂಶೋಧಕರು ಹೋಲಿಸಿದರು. ಆಪ್ತತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಿಮ್ಮಿಬ್ಬರಿಗೂ ಒಬ್ಬರಿಗೊಬ್ಬರು ಹಿಡಿಸುತ್ತೀರಿ ಎಂದು ಮೊದಲೇ ನಂಬಿಸಿದಾಗಲೂ ವ್ಯತ್ಯಾಸವಾಗಲಿಲ್ಲ. ಸಂಶೋಧಕರಿಗೆ ಇದು ಅನುಕೂಲದ ಸುದ್ದಿ, ಏಕೆಂದರೆ ಯಾರನ್ನು ಕೂಡಿಸಿದರೂ ವಿಧಾನ ಕೆಲಸ ಮಾಡುತ್ತದೆ. ಮದುವೆಗೆ ಸಂಗಾತಿಯನ್ನು ಆರಿಸುವವರಿಗೆ ಮಾತ್ರ ಇದೇ ಎಚ್ಚರಿಕೆ. ಅಭಿಪ್ರಾಯಗಳು ಕೂಡಿದರೂ ಕೂಡದಿದ್ದರೂ ಹುಟ್ಟುವ ಭಾವನೆಯಿಂದ, ಕೂಡಿವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ನಮ್ಮ ಅಕ್ಕನ ಮಗಳದೇ ಪ್ರಸಂಗವನ್ನು, ಅವಳ ಒಪ್ಪಿಗೆ ಪಡೆದು, ಹೇಳುತ್ತೇನೆ. ಬಸವನಗುಡಿಯ ಹುಡುಗಿ, ಜಾಲತಾಣದ ಮೂಲಕ ಬಂದ ಸಂಬಂಧ. ಇಬ್ಬರೂ ಕೆಫೆಯಲ್ಲಿ ಕೂತು ಈ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿಕೊಂಡರು. ಹುಡುಗ ತಂದೆಯ ಅನಾರೋಗ್ಯದ ದಿನಗಳನ್ನು ಹೇಳುವಾಗ ಕಣ್ಣು ತುಂಬಿಕೊಂಡ. ಇವಳು ಮನೆಯವರಿಗೂ ಹೇಳದಿದ್ದ ಪರೀಕ್ಷೆಯ ಸೋಲನ್ನು ಹೇಳಿಕೊಂಡಳು. ಸಂಜೆ ಫೋನ್ ಮಾಡಿ, "ಚಿಕ್ಕಮ್ಮ, ಇವರೇ ಅಂತ ಅನ್ನಿಸಿಬಿಟ್ಟಿದೆ, ಹತ್ತು ವರ್ಷದಿಂದ ಗೊತ್ತಿರೋ ಹಾಗಿದೆ" ಎಂದಳು. ಅವರು ಮದುವೆಯಾದ ಮೇಲೆ ಎಲ್ಲಿರುತ್ತಾರೆ, ತಂದೆತಾಯಿ ಜೊತೆಗಿರುತ್ತಾರೆಯೇ, ಸಾಲವಿದೆಯೇ, ನೀನು ಕೆಲಸಕ್ಕಾಗಿ ಪುಣೆಗೆ ಹೋಗಬೇಕಾದರೆ ಏನೆನ್ನುತ್ತಾರೆ ಎಂದು ಕೇಳಿದೆ. ಒಂದಕ್ಕೂ ಅವಳಲ್ಲಿ ಉತ್ತರವಿರಲಿಲ್ಲ. 36ರಲ್ಲಿ ಈ ಯಾವ ಪ್ರಶ್ನೆಯೂ ಇಲ್ಲ, ಇರಬೇಕಾದ ಅಗತ್ಯವೂ ಅದನ್ನು ರೂಪಿಸಿದವರಿಗೆ ಇರಲಿಲ್ಲ. ನಿಷ್ಠೆ, ಪರಸ್ಪರ ಅವಲಂಬನೆ, ಬದ್ಧತೆಗಳಂಥವು ಈ ವಿಧಾನದಿಂದ ಹುಟ್ಟುವ ಸಾಧ್ಯತೆ ಕಡಿಮೆ ಎಂದು ಆರನ್ ತಂಡವೇ ಬರೆದಿದೆ.

ಹಾಗಾದರೆ ಪ್ರೀತಿಯ ಮಾತು ಎಲ್ಲಿಂದ ಬಂತು? 2015ರ ಜನವರಿಯಲ್ಲಿ ಮ್ಯಾಂಡಿ ಲೆನ್ ಕ್ಯಾಟ್ರನ್ ಎಂಬ ಲೇಖಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಪರಿಚಯದ ಗಂಡಸೊಬ್ಬರೊಂದಿಗೆ ಈ ಪ್ರಶ್ನೆಗಳನ್ನು ಕೇಳಿಕೊಂಡು, ನಾಲ್ಕು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮುಂದೆ ಪ್ರೀತಿಸತೊಡಗಿದ್ದನ್ನು ಬರೆದರು. ಪಟ್ಟಿ ಜಗತ್ಪ್ರಸಿದ್ಧವಾದದ್ದು ಆಮೇಲೆ. ಕಣ್ಣಲ್ಲಿ ಕಣ್ಣಿಡುವುದು 1997ರ ವಿಧಾನದಲ್ಲಿ ಇಲ್ಲ. ಅಲ್ಲದೆ ಅವರಿಬ್ಬರೂ ಪೂರ್ತಿ ಅಪರಿಚಿತರಾಗಿರಲಿಲ್ಲ, ಆಸಕ್ತಿಯ ಎಳೆ ಮೊದಲೇ ಇತ್ತು.

ಈ ಪ್ರಶ್ನೆಗಳನ್ನು ದೂರ ಇಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ಕ್ರಮಕ್ಕಿಂತ ಇದು ಒಂದು ವಿಷಯದಲ್ಲಿ ಬಹಳ ಮೇಲು. ಹೆಣ್ಣು ನೋಡುವಾಗ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತಿದ್ದವು: ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ. ಹುಡುಗನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಸೂಸನ್ ಸ್ಪ್ರೆಚರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ನೇರವಾಗಿ ತಾಗುತ್ತದೆ. ಕೆಲವು ಅಪರಿಚಿತ ಜೋಡಿಗಳು ಪ್ರತಿ ಪ್ರಶ್ನೆಗೂ ಸರದಿಯಂತೆ ಇಬ್ಬರೂ ಉತ್ತರಿಸಿದರು. ಇನ್ನು ಕೆಲವು ಜೋಡಿಗಳಲ್ಲಿ ಮೊದಲು ಒಬ್ಬರು ಮಾತ್ರ ಹೇಳಿಕೊಂಡರು, ಇನ್ನೊಬ್ಬರು ಕೇಳಿಸಿಕೊಂಡರು, ಆಮೇಲೆ ಪಾತ್ರ ಬದಲಾಯಿತು. ಸರದಿಯಂತೆ ಹೇಳಿಕೊಂಡವರಲ್ಲಿ ಪರಸ್ಪರ ಮೆಚ್ಚುಗೆ ಹೆಚ್ಚಿತ್ತು, ಪಾತ್ರ ಬದಲಾದ ಮೇಲೂ ಉಳಿದವರು ಅವರ ಮಟ್ಟಕ್ಕೆ ಬರಲಿಲ್ಲ. ಆದ್ದರಿಂದ ಕೆಫೆಯಲ್ಲಿ ಕೂತವರು ಪಟ್ಟಿಯನ್ನು ಸಂದರ್ಶನದಂತೆ ಬಳಸಿದರೆ, ಒಬ್ಬರೇ ಕೇಳುತ್ತ ಹೋದರೆ, ಅದರ ಜೀವವೇ ಹೋಗುತ್ತದೆ. ಮೊದಲ ಕಂತನ್ನು ಹಾರಿಸಿ ನೇರವಾಗಿ ಅಳುವಿನ ಪ್ರಶ್ನೆಗೆ ಹೋಗುವುದೂ ಮೂಲ ವಿಧಾನವಲ್ಲ. ಹಂತಹಂತವಾಗಿ ಏರುವುದೇ ಅದರ ತಿರುಳು.

ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಆಪ್ತತೆ ಸುಳ್ಳಲ್ಲ, ಅದನ್ನು ಸಂಕೋಚ ಕಳೆಯುವುದಕ್ಕೆ ಬಳಸಿಕೋ, ತೀರ್ಪಿಗೆ ಬಳಸಬೇಡ. ಎರಡನೆಯ ಭೇಟಿಗೆ ಅವಳು ಮನೆ, ಸಾಲ, ಪುಣೆ ಮೂರನ್ನೂ ಬರೆದುಕೊಂಡು ಹೋದಳು. ಮೊದಲ ದಿನ ಅಷ್ಟು ಮಾತನಾಡಿಕೊಂಡಿದ್ದರಿಂದಲೇ ಇವನ್ನು ಕೇಳಲು ಮುಜುಗರವಾಗಲಿಲ್ಲವಂತೆ. ಪುಣೆಯ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ, ಮಾತುಕತೆ ನಡೆದಿದೆ.